ಅಪಾರ್ಟ್‌ಮೆಂಟ್ ನೋಟಿಸಿನಿಂದ ಬೈಗುಳ ತೆಗೆಯುವುದು ಹೇಗೆ?

ಜುಲೈ ತಿಂಗಳು. ಪುನರ್ವಸು ಮಳೆ ಹಿಡಿದು ನಾಲ್ಕು ದಿನ ಆಗಿತ್ತು. ಶಿವಮೊಗ್ಗದ ಸಾಗರ ರಸ್ತೆ ಕಡೆ ಇರುವ ನಮ್ಮ ಅಪಾರ್ಟ್‌ಮೆಂಟಿನಲ್ಲಿ 24 ಮನೆಗಳಿವೆ. ಆವತ್ತು ಸಂಜೆ ಕೆಲಸ ಮುಗಿಸಿ ಬಂದು ನೋಡಿದರೆ ಲಿಫ್ಟಿನ ಪಕ್ಕ ಒಂದು ನೋಟಿಸ್ ಅಂಟಿಸಿದ್ದರು. ಅದರ ಮುಂದೆ ಎರಡನೇ ಮಹಡಿಯ ಅಜ್ಜಿ ನಿಂತಿದ್ದರು. ಅವರ ಕೈಯಲ್ಲಿ ಒದ್ದೆ ಟವೆಲ್ ಇತ್ತು. ಓದಿ ಮುಗಿಸಿ ನನ್ನ ಕಡೆ ತಿರುಗಿ, "ಇದು ನನಗೇ ಬರೆದದ್ದು ಅಲ್ವಾ?" ಎಂದು ಕೇಳಿದರು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ.

ನೋಟಿಸ್ ಹೀಗಿತ್ತು:

> ಎಚ್ಚರಿಕೆ!!!
> ಕಾರಿಡಾರ್ ಮತ್ತು ಮೆಟ್ಟಿಲಿನ ಕಂಬಿಗಳ ಮೇಲೆ ಬಟ್ಟೆ ಒಣಗಿಸುವುದನ್ನು ಕಟ್ಟುನಿಟ್ಟಾಗಿ ನಿಷೇಧಿಸಲಾಗಿದೆ. ಈಗಾಗಲೇ ಹಲವು ಬಾರಿ ತಿಳಿಸಿದ್ದರೂ ಕೆಲವರು ಬೇಜವಾಬ್ದಾರಿಯಿಂದ ವರ್ತಿಸುತ್ತಿರುವುದು ಸಮಿತಿಯ ಗಮನಕ್ಕೆ ಬಂದಿದೆ. ಇದು ವಿದ್ಯಾವಂತರಿಗೆ ಶೋಭೆ ತರುವಂಥದ್ದಲ್ಲ. ಬಾಡಿಗೆದಾರರು ವಿಶೇಷವಾಗಿ ಗಮನಿಸತಕ್ಕದ್ದು. ನಾಳೆಯಿಂದ ಇಂತಹ ಬಟ್ಟೆಗಳು ಕಂಡುಬಂದಲ್ಲಿ ತೆಗೆದು ಹಾಕಲಾಗುವುದು ಹಾಗೂ ₹500 ದಂಡ ವಿಧಿಸಲಾಗುವುದು. ಯಾವುದೇ ಸಬೂಬು ಕೇಳಲಾಗುವುದಿಲ್ಲ.
> – ಆಡಳಿತ ಸಮಿತಿ

ಇದನ್ನು ಬರೆದ ಸೆಕ್ರೆಟರಿ ಕೆಟ್ಟವರಲ್ಲ. ರಾತ್ರಿ ಮೋಟರ್ ಕೆಟ್ಟರೆ ಕೊಡೆ ಹಿಡಿದು ಕೆಳಗೆ ಬರುವುದು ಅವರೇ. ಆದರೆ ಮೂರು ವಾರ ಹೇಳಿ ಹೇಳಿ ಸಾಕಾಗಿತ್ತು. ಆ ಸಿಟ್ಟೆಲ್ಲ ಕಾಗದದ ಮೇಲೆ ಇಳಿದಿತ್ತು. ಆಮೇಲೆ ನಾವಿಬ್ಬರೂ ಕೂತು ಅದನ್ನು ತಿರುಗಿ ಬರೆದೆವು. ಹೇಗೆ ಬರೆದೆವು ಎನ್ನುವುದನ್ನು ಒಂದೊಂದೇ ಹಂತವಾಗಿ ಇಲ್ಲಿ ಹೇಳುತ್ತೇನೆ. ನಿಮ್ಮಲ್ಲಿ ವಿಷಯ ಪಾರ್ಕಿಂಗ್ ಇರಬಹುದು, ಕಸ ಇರಬಹುದು. ಕೆಲಸ ಮಾಡುವ ಕ್ರಮ ಇದೇ.

ಮೊದಲು ಒಬ್ಬರ ಎದುರು ನಿಂತು ಓದಿ

ನೋಟಿಸನ್ನು ಮನಸ್ಸಿನಲ್ಲೇ ಓದಬೇಡಿ, ಜೋರಾಗಿ ಓದಿ. ಓದುವಾಗ ನಿಮ್ಮ ಬಿಲ್ಡಿಂಗಿನ ಒಬ್ಬರನ್ನು ನೆನಪಿಸಿಕೊಳ್ಳಿ. ನಿಮಗೆ ಇಷ್ಟವಾದವರು, ವಯಸ್ಸಾದವರು ಆದರೆ ಒಳ್ಳೆಯದು. ಅವರ ಮನೆ ಬಾಗಿಲಲ್ಲಿ ನಿಂತು ಈ ಮಾತನ್ನು ಮುಖ ನೋಡಿ ಹೇಳಲು ಆಗುತ್ತದೆಯೇ ಎಂದು ಕೇಳಿಕೊಳ್ಳಿ.

ಸೆಕ್ರೆಟರಿಯವರಿಗೆ ನಾನು ಇದನ್ನೇ ಹೇಳಿದೆ. "ಅಜ್ಜಿ ಎದುರು ಇದ್ದಾರೆ ಅಂದ್ಕೊಂಡು ಓದಿ." ಅವರು ಓದಲು ಶುರು ಮಾಡಿದರು. "ಇದು ವಿದ್ಯಾವಂತರಿಗೆ ಶೋಭೆ" ಎನ್ನುವಲ್ಲಿಗೆ ಬಂದು ನಿಲ್ಲಿಸಿದರು. "ಛೆ, ಇದನ್ನ ಹೇಳೋಕಾಗಲ್ಲ" ಎಂದರು. ನಾಲಿಗೆ ಎಲ್ಲಿ ತಡೆಯುತ್ತದೋ ಅಲ್ಲಿ ಪೆನ್ನಿನಿಂದ ಒಂದು ಗೆರೆ ಹಾಕಿ. ಅದು ಹೋಗಬೇಕಾದ ಸಾಲು.

ಹೇಳಬೇಕಾದದ್ದು ಎಷ್ಟಿದೆ, ಸಿಟ್ಟು ಎಷ್ಟಿದೆ?

ಈಗ ಪ್ರತಿ ವಾಕ್ಯಕ್ಕೂ ಒಂದೇ ಪ್ರಶ್ನೆ ಹಾಕಿ. ಇದನ್ನು ಓದಿದವರು ಏನು ಮಾಡಬೇಕು ಎನ್ನುವುದು ಈ ವಾಕ್ಯದಿಂದ ತಿಳಿಯುತ್ತದೆಯೇ? ನಮ್ಮ ನೋಟಿಸಿನಲ್ಲಿ ಇಂಥದ್ದು ಮೊದಲ ವಾಕ್ಯ ಒಂದೇ. ಅದೂ ಏನು ಮಾಡಬಾರದು ಎಂದು ಮಾತ್ರ ಹೇಳುತ್ತದೆ. ಉಳಿದದ್ದರಲ್ಲಿ ಹಳೆಯ ದೂರು, ಚುಚ್ಚು ಮಾತು, ಬೆದರಿಕೆ.

ಅದರಲ್ಲಿ ಎರಡು ಮಾತು ನೋಡಲು ಸಣ್ಣದು, ಆದರೆ ತುಂಬಾ ನೋಯಿಸುತ್ತವೆ.

ಒಂದು, "ಕೆಲವರು". ಹೆಸರು ಹೇಳದಿದ್ದರೆ ಮರ್ಯಾದೆ ಉಳಿಸಿದಂತೆ ಎಂದು ಬರೆಯುವವರು ಅಂದುಕೊಳ್ಳುತ್ತಾರೆ. ಆಗುವುದು ಬೇರೆ. 24 ಮನೆಗಳಲ್ಲಿ ಯಾರ ಬಟ್ಟೆ ಎಲ್ಲಿ ನೇತಾಡುತ್ತಿದೆ ಎಂದು ಎಲ್ಲರಿಗೂ ಗೊತ್ತಿರುತ್ತದೆ. ಹಾಗಾಗಿ "ಕೆಲವರು" ಎಂದರೆ ನಾಲ್ಕು ಜನರ ಎದುರು ಬೆರಳು ತೋರಿಸಿದ ಹಾಗೆ. ತಪ್ಪೇ ಮಾಡದವರಿಗೂ "ನನ್ನನ್ನೇ ಅಂದರಾ?" ಎನ್ನುವ ಅನುಮಾನ ಬರುತ್ತದೆ. ಅಜ್ಜಿಗೆ ಆದದ್ದು ಅದೇ. ಅವರು ಆ ವಾರ ಕಾರಿಡಾರಿನಲ್ಲಿ ಹಾಕಿದ್ದು ಒಂದೇ ಟವೆಲ್.

ಇನ್ನೊಂದು, "ಬಾಡಿಗೆದಾರರು ವಿಶೇಷವಾಗಿ". ಈ ಸಾಲನ್ನು ಕಂಡಲ್ಲಿ ಹೊಡೆದು ಹಾಕಿ. ಬಟ್ಟೆಯಿಂದ ಸೋರುವ ನೀರಿಗೆ ಯಾರು ಓನರ್, ಯಾರು ಬಾಡಿಗೆ ಎಂದು ಗೊತ್ತಿಲ್ಲ. ನಮ್ಮಲ್ಲಿ ಹೆಚ್ಚು ಬಟ್ಟೆ ಹಾಕುತ್ತಿದ್ದದ್ದು ಸ್ವಂತ ಮನೆಯವರೇ ಆಗಿದ್ದರು. ಬಾಡಿಗೆಗೆ ಇರುವವರು ಆ ಸಾಲು ಓದಿದ ಮೇಲೆ ಮೀಟಿಂಗಿಗೆ ಬರುವುದನ್ನೇ ನಿಲ್ಲಿಸುತ್ತಾರೆ. ಆಮೇಲೆ ನೀವು ಏನು ಹೇಳಿದರೂ ಅವರ ಕಿವಿಗೆ ಬೀಳುವುದಿಲ್ಲ.

ಬರೆಯುವ ಮೊದಲು ಒಂದು ಸುತ್ತು ಹಾಕಿ

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಪದ ಬದಲಾಯಿಸುವುದಕ್ಕೆ ಮೊದಲು, ಜನ ಹಾಗೆ ಯಾಕೆ ಮಾಡುತ್ತಿದ್ದಾರೆ ಎಂದು ತಿಳಿದುಕೊಳ್ಳಬೇಕು. ಅದು ಗೊತ್ತಿಲ್ಲದೆ ಬರೆದರೆ ಎಷ್ಟೇ ಸಕ್ಕರೆ ಹಾಕಿದರೂ ಬೈಗುಳ ಬೈಗುಳವೇ.

ಮರುದಿನ ಸಂಜೆ ನಾವಿಬ್ಬರೂ ನಾಲ್ಕೂ ಮಹಡಿ ಹತ್ತಿ ಇಳಿದೆವು. ಬಟ್ಟೆ ಹಾಕಿದ ಮನೆಗಳ ಬಾಗಿಲು ತಟ್ಟಿದೆವು. "ಯಾಕೆ ಹಾಕಿದ್ದೀರಿ?" ಎಂದು ಕೇಳಲಿಲ್ಲ. ಹಾಗೆ ಕೇಳಿದರೆ ಅದೂ ವಿಚಾರಣೆಯೇ. "ಈ ಮಳೇಲಿ ಬಟ್ಟೆ ಒಣಗಿಸೋಕೆ ಏನು ಮಾಡ್ತಿದ್ದೀರಿ?" ಎಂದು ಕೇಳಿದೆವು.

ಮೂರನೇ ಮಹಡಿಯ ಒಬ್ಬರು ಬಾಲ್ಕನಿಗೇ ಕರೆದುಕೊಂಡು ಹೋಗಿ ತೋರಿಸಿದರು. ಪಶ್ಚಿಮದ ಕಡೆ ಮುಖ ಮಾಡಿದ ಬಾಲ್ಕನಿ ಅದು. ಎರಚಲು ಒಳಗಿನ ಗೋಡೆಯ ತನಕ ಬರುತ್ತಿತ್ತು. ಬಟ್ಟೆ ಹಾಕುವ ಸ್ಟ್ಯಾಂಡ್ ಮಡಚಿ ಮೂಲೆಯಲ್ಲಿ ನಿಲ್ಲಿಸಿದ್ದರು. ಮಕ್ಕಳ ಯೂನಿಫಾರ್ಮ್ ಎರಡೇ ಜೊತೆ. ಒಂದು ಒಣಗಲು ಎರಡು ದಿನ ಬೇಕು. "ಊರಲ್ಲಾದ್ರೆ ಬಚ್ಚಲ ಒಲೆ ಮೇಲೆ ಗಳ ಕಟ್ಟಿರ್ತಿತ್ತು. ರಾತ್ರಿ ಹಾಕಿದ್ರೆ ಬೆಳಿಗ್ಗೆ ಬೆಚ್ಚಗೆ ಒಣಗಿರ್ತಿತ್ತು. ಇಲ್ಲಿ ಎಲ್ಲಿ ಹಾಕೋದು ಹೇಳಿ ಮಾರಾಯ್ರೆ?" ಎಂದರು. ಅವರ ಊರು ತೀರ್ಥಹಳ್ಳಿ ಕಡೆ. ನಮ್ಮ ಬಿಲ್ಡಿಂಗಿನಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಅಂಥ ಮನೆಗಳಿಂದ ಬಂದವರೇ.

ಅಷ್ಟು ಹೊತ್ತಿಗೆ ಸೆಕ್ರೆಟರಿಯವರಿಗೆ ಟೆರೇಸ್ ನೆನಪಾಯಿತು. ಮಲೆನಾಡಿನಲ್ಲಿ ಆರ್‌ಸಿಸಿ ಸೂರಿನ ಮೇಲೂ ಶೀಟ್ ಹೊದಿಸುತ್ತಾರೆ, ಸೋರಬಾರದು ಎಂದು. ನಮ್ಮ ಟೆರೇಸಿನ ಅರ್ಧಕ್ಕೂ ಶೀಟ್ ಇದೆ. ಕೆಳಗೆ ಒಣ ಜಾಗ, ಸುತ್ತ ಗಾಳಿ. ಆದರೆ ನೀರಿನ ಟ್ಯಾಂಕ್ ಹತ್ತಿರ ಮಕ್ಕಳು ಆಡುತ್ತಾರೆ ಎಂದು ಹೋದ ವರ್ಷ ಬಾಗಿಲಿಗೆ ಬೀಗ ಹಾಕಿದ್ದರು. ಕೀ ಸಮಿತಿಯ ಬಳಿ ಇತ್ತು. ಅಂದರೆ ಬಟ್ಟೆ ಒಣಗಿಸುವ ಜಾಗಕ್ಕೆ ಬೀಗ ಹಾಕಿದ್ದೂ ನಾವೇ, ಕಾರಿಡಾರಿನಲ್ಲಿ ಒಣಗಿಸಿದರೆ ದಂಡ ಎಂದದ್ದೂ ನಾವೇ.

ಪ್ರತಿ ಸಲ ಇಷ್ಟು ಸುಲಭವಾಗಿ ಉತ್ತರ ಸಿಗುವುದಿಲ್ಲ. ಆದರೂ ಕೇಳಿ. ಕಸದ ಬುಟ್ಟಿ ಬಾಗಿಲ ಹೊರಗೆ ಇಡುತ್ತಾರೆ ಎಂದರೆ ಗಾಡಿ ಬರುವ ಹೊತ್ತು ಅವರಿಗೆ ಹೊಂದುತ್ತಿಲ್ಲದೇ ಇರಬಹುದು. ಬೈಕನ್ನು ಲಿಫ್ಟಿನ ಮುಂದೆ ನಿಲ್ಲಿಸುತ್ತಾರೆ ಎಂದರೆ ಅವರ ಜಾಗದಲ್ಲಿ ಮಳೆ ನೀರು ನಿಲ್ಲುತ್ತಿರಬಹುದು. "ಬೇಡ" ಎನ್ನುವಾಗ "ಹಾಗಾದರೆ ಎಲ್ಲಿ?" ಎನ್ನುವುದಕ್ಕೆ ನಿಮ್ಮ ಬಳಿ ಉತ್ತರ ಇರಬೇಕು. ಉತ್ತರ ಇಲ್ಲದಿದ್ದರೆ ನೋಟಿಸನ್ನು ಎರಡು ದಿನ ತಡೆದು, ಮೊದಲು ಜಾಗ ಹುಡುಕಿ.

ಕ್ರಿಯಾಪದ ನೋಡಿ

ಕನ್ನಡದಲ್ಲಿ ಗದರಿಕೆ ಹೆಚ್ಚಾಗಿ ವಾಕ್ಯದ ಕೊನೆಯಲ್ಲಿ ಇರುತ್ತದೆ. "ನಿಷೇಧಿಸಲಾಗಿದೆ", "ಗಮನಿಸತಕ್ಕದ್ದು", "ವಿಧಿಸಲಾಗುವುದು". ಇವು ಸರ್ಕಾರಿ ಆದೇಶದ ಬಾಲಗಳು. ಹೇಳುವವರು ಯಾರು ಎನ್ನುವುದೇ ಇವುಗಳಲ್ಲಿ ಕಾಣುವುದಿಲ್ಲ. ಪಕ್ಕದ ಮನೆಯವರು ಹೀಗೆ ಮಾತನಾಡಿದರೆ ಯಾರಿಗಾದರೂ ಮೈ ಉರಿಯುತ್ತದೆ. ನಾವೇನು ಅವರ ಕೈಕೆಳಗಿನ ನೌಕರರಾ?

ಹಾಗೆಂದು ಎಲ್ಲದಕ್ಕೂ "ದಯವಿಟ್ಟು" ಅಂಟಿಸಿದರೆ ಸರಿಹೋಗುವುದಿಲ್ಲ. "ದಯವಿಟ್ಟು ಬೇಜವಾಬ್ದಾರಿಯಿಂದ ವರ್ತಿಸಬೇಡಿ" ಎನ್ನುವುದು ಬೈಗುಳಕ್ಕೆ ಹೂವು ಮುಡಿಸಿದಂತೆ. ಇನ್ನೊಂದು ತುದಿಗೆ ಹೋಗಿ "ತಾವುಗಳು ಸಹಕರಿಸಬೇಕೆಂದು ಕಳಕಳಿಯಿಂದ ಪ್ರಾರ್ಥಿಸುತ್ತೇವೆ" ಎಂದರೆ ಏನು ಮಾಡಬೇಕು ಎನ್ನುವುದೇ ಕಳೆದುಹೋಗುತ್ತದೆ. "ಸಹಕರಿಸಿ" ಎನ್ನುವ ಪದವನ್ನೇ ನಾನು ಬಿಟ್ಟುಬಿಡುತ್ತೇನೆ. ಬಟ್ಟೆಯನ್ನು ಟೆರೇಸಿಗೆ ತನ್ನಿ ಎನ್ನುವುದು ನಿಮ್ಮ ಮಾತಾದರೆ "ಬಟ್ಟೆ ಟೆರೇಸಿಗೆ ತನ್ನಿ" ಎಂದೇ ಬರೆಯಿರಿ.

ನೀವು ಮಾತನಾಡುವಾಗ ಬಳಸುವ ಬಹುವಚನವೇ ಸಾಕು. "ಹಾಕಬೇಡಿ", "ತನ್ನಿ", "ಹೇಳಿ". ಇದರಲ್ಲಿ ಮರ್ಯಾದೆ ಇದೆ, ಸ್ಪಷ್ಟತೆಯೂ ಇದೆ. ಸಮಿತಿ ಮಾಡಿದ ಕೆಲಸ ಹೇಳುವಾಗ "ಕಟ್ಟಲಾಗಿದೆ" ಬದಲು "ಕಟ್ಟಿಸಿದ್ದೇವೆ" ಎನ್ನಿ. ಆಗ ಅದರ ಹಿಂದೆ ಮನುಷ್ಯರು ಕಾಣುತ್ತಾರೆ. ಮೂರು ಉದ್ಗಾರ ಚಿಹ್ನೆ, ಕೆಂಪು ಅಕ್ಷರ, ಅಡಿಗೆರೆ ಎಲ್ಲ ತೆಗೆದುಬಿಡಿ.

ಕಾರಣ ಹೇಳಿ, ದಂಡದ ಮಾತು ಪರೀಕ್ಷಿಸಿ

ಹಳೆಯ ನೋಟಿಸಿನಲ್ಲಿ ಕಾರಣವೇ ಇರಲಿಲ್ಲ. ಕಾರಿಡಾರ್ ಚಂದ ಕಾಣುವುದಿಲ್ಲ ಎನ್ನುವುದಕ್ಕೆ ಸಿಟ್ಟೇನೋ ಎಂದು ಬಹಳ ಜನ ಅಂದುಕೊಂಡಿದ್ದರು. ನಿಜವಾದ ಕಾರಣ ಬೇರೆ. ಬಟ್ಟೆಯಿಂದ ತೊಟ್ಟಿಕ್ಕಿದ ನೀರು ಪಾಲಿಶ್ ಮಾಡಿದ ಗ್ರಾನೈಟ್ ಮೇಲೆ ನಿಂತು, ಹಿಂದಿನ ವಾರ ಮನೆಗೆಲಸಕ್ಕೆ ಬರುವ ಒಬ್ಬ ಅಕ್ಕ ಜಾರಿ ಬಿದ್ದಿದ್ದರು. ಮಣಿಕಟ್ಟಿಗೆ ಪೆಟ್ಟಾಗಿತ್ತು. ಕಾರಣ ಬರೆದರೆ ಓದುವವರೇ ತೂಕ ಹಾಕಿ ನೋಡುತ್ತಾರೆ. ಆದರೆ ಬಿದ್ದವರ ವಿಷಯ ಬರೆಯುವ ಮೊದಲು ಅವರನ್ನು ಕೇಳಿ. ನಾವು ಕೇಳಿದಾಗ ಅಕ್ಕ, "ಬರೀರಿ, ಹೆಸರು ಮಾತ್ರ ಬೇಡ" ಎಂದರು.

ದಂಡದ ವಿಷಯ. ಸಂಘ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ಕೆಳಗೆ ಇರಲಿ, 1960ರ ಸಂಘಗಳ ನೋಂದಣಿ ಕಾಯ್ದೆಯ ಕೆಳಗೆ ಇರಲಿ, ಅದಕ್ಕೆ ಒಂದು ಬೈಲಾ ಇರುತ್ತದೆ. ಆ ಪುಸ್ತಕ ತೆಗೆದು ನೋಡಿ. ಈ ತಪ್ಪಿಗೆ ದಂಡ ಎಂದು ಅದರಲ್ಲಿ ಇದೆಯೇ? ಸಾಮಾನ್ಯ ಸಭೆಯಲ್ಲಿ ತೀರ್ಮಾನ ಆಗಿ ನಡಾವಳಿ ಪುಸ್ತಕಕ್ಕೆ ಬಂದಿದೆಯೇ? ಎರಡೂ ಇಲ್ಲದಿದ್ದರೆ ದಂಡದ ಸಾಲು ಬರೆಯಬೇಡಿ. ನಮ್ಮ ₹500 ಎಲ್ಲಿಯೂ ಇರಲಿಲ್ಲ. ಸಿಟ್ಟಿನಲ್ಲಿ ಹೊಳೆದ ಮೊತ್ತ ಅದು. ದಂಡ ನಿಜವಾಗಿ ಇದ್ದರೆ ಮುಚ್ಚಿಡುವುದೂ ಬೇಡ. ಯಾವ ಸಭೆಯಲ್ಲಿ ತೀರ್ಮಾನ ಆಯಿತು, ಎಷ್ಟು, ಯಾವ ದಿನದಿಂದ ಎಂದು ಕೊನೆಯಲ್ಲಿ ಒಂದು ಸಾಲು ಸಾದಾ ಬರೆಯಿರಿ.

"ಬಟ್ಟೆ ತೆಗೆದು ಹಾಕಲಾಗುವುದು" ಎನ್ನುವುದನ್ನೂ ಯೋಚಿಸಿ. ತೆಗೆಯುವುದು ಯಾರು? ಸಮಿತಿಯವರು ಬರುವುದಿಲ್ಲ. ವಾಚ್‌ಮನ್ ತೆಗೆಯಬೇಕು. ಯಾರದೋ ಮಗುವಿನ ಯೂನಿಫಾರ್ಮ್ ತೆಗೆದು ಬೈಸಿಕೊಳ್ಳುವುದು ಅವರು. ನೀವು ಸ್ವತಃ ನಿಂತು ಮಾಡದ ಕೆಲಸವನ್ನು ನೋಟಿಸಿನಲ್ಲಿ ಬರೆಯಬೇಡಿ.

ತಿರುಗಿ ಬರೆದದ್ದು

ಇಷ್ಟಾದ ಮೇಲೆ ಬರೆಯಲು ಹಿಡಿದದ್ದು ಇಪ್ಪತ್ತು ನಿಮಿಷ. ನೋಟಿಸಿಗೆ ಮೊದಲು ಟೆರೇಸಿನ ಬೀಗ ತೆಗೆಸಿದೆವು. ಟ್ಯಾಂಕ್ ಸುತ್ತ ಬೇಲಿ ಹಾಕಿಸಿ, ಶೀಟಿನ ಕೆಳಗೆ ನೈಲಾನ್ ಹಗ್ಗ ಕಟ್ಟಿಸಿದೆವು. ಆಮೇಲೆ ಇದು:

> ಮಳೆಗಾಲದಲ್ಲಿ ಬಟ್ಟೆ ಒಣಗಿಸಲು ಟೆರೇಸ್
>
> ಎಲ್ಲ ಮನೆಯವರಿಗೂ ನಮಸ್ಕಾರ.
>
> ಈ ಮಳೆಯಲ್ಲಿ ಬಟ್ಟೆ ಒಣಗಿಸುವುದು ಎಷ್ಟು ಕಷ್ಟ ಎಂದು ನಮಗೂ ಗೊತ್ತು. ಟೆರೇಸಿಗೆ ಬೀಗ ಹಾಕಿದ್ದರಿಂದ ನಿಮಗೆ ಬೇರೆ ಜಾಗ ಇರಲಿಲ್ಲ. ಇದನ್ನು ನಾವು ಮೊದಲೇ ಗಮನಿಸಬೇಕಿತ್ತು.
>
> ಈಗ ಟೆರೇಸಿನ ಶೀಟ್ ಕೆಳಗೆ ಎಂಟು ಸಾಲು ಹಗ್ಗ ಕಟ್ಟಿಸಿದ್ದೇವೆ. ಬೆಳಿಗ್ಗೆ 6ರಿಂದ ರಾತ್ರಿ 9ರವರೆಗೆ ಬಾಗಿಲು ತೆಗೆದಿರುತ್ತದೆ.
>
> ಕಾರಿಡಾರಿನಲ್ಲಿ ಬಟ್ಟೆಯಿಂದ ಸೋರಿದ ನೀರಿಗೆ ಜಾರಿ ಕಳೆದ ವಾರ ಒಬ್ಬರು ಬಿದ್ದು ಕೈಗೆ ಪೆಟ್ಟಾಗಿದೆ. ಹಾಗಾಗಿ ಈ ಭಾನುವಾರದಿಂದ ಕಾರಿಡಾರ್ ಮತ್ತು ಮೆಟ್ಟಿಲಿನ ಕಂಬಿ ಮೇಲೆ ಬಟ್ಟೆ ಹಾಕಬೇಡಿ.
>
> ಟೆರೇಸಿಗೆ ಹತ್ತಲು ಕಷ್ಟ ಆಗುವವರು ನನಗೆ ಹೇಳಿ, ವ್ಯವಸ್ಥೆ ಮಾಡೋಣ.
>
> – ಸೆಕ್ರೆಟರಿ (ಕೆಳಗೆ ಅವರ ಹೆಸರು, ಫ್ಲಾಟ್ ಮತ್ತು ಫೋನ್ ನಂಬರ್)

ನಿಯಮ ಒಂಚೂರೂ ಸಡಿಲ ಆಗಿಲ್ಲ ನೋಡಿ. "ಹಾಕಬೇಡಿ" ಎಂದೇ ಇದೆ, ಯಾವ ದಿನದಿಂದ ಎಂದೂ ಇದೆ. ಆದರೆ ಅದು ಬರುವುದು ಜಾಗ ತೋರಿಸಿದ ಮೇಲೆ, ಕಾರಣ ಹೇಳಿದ ಮೇಲೆ. "ನಾಳೆಯಿಂದ" ಎನ್ನುವುದು "ಈ ಭಾನುವಾರದಿಂದ" ಆಗಿದೆ. ಮಧ್ಯೆ ಮೂರು ದಿನ ಸಿಕ್ಕಿತು. ತಲೆಬರಹದಲ್ಲಿ "ಎಚ್ಚರಿಕೆ" ಹೋಗಿ ವಿಷಯ ಬಂದಿದೆ. "ಆಡಳಿತ ಸಮಿತಿ" ಹೋಗಿ ಒಬ್ಬ ಮನುಷ್ಯನ ಹೆಸರು ಬಂದಿದೆ. ಹೆಸರು ಹಾಕಲು ಸೆಕ್ರೆಟರಿ ಮೊದಲು ಹಿಂಜರಿದರು. ಸಮಿತಿಯ ಹೆಸರಿಗೆ ಫೋನ್ ಮಾಡಲು ಆಗುವುದಿಲ್ಲವಲ್ಲ ಎಂದ ಮೇಲೆ ಒಪ್ಪಿದರು.

"ಮೊದಲೇ ಗಮನಿಸಬೇಕಿತ್ತು" ಎನ್ನುವ ಸಾಲಿನ ಬಗ್ಗೆ ನಮ್ಮಲ್ಲಿ ಸ್ವಲ್ಪ ಚರ್ಚೆ ಆಯಿತು. ಸಮಿತಿ ಹೀಗೆ ಒಪ್ಪಿಕೊಂಡರೆ ಸದರ ಆಗುತ್ತದೆ ಎಂದು ಖಜಾಂಚಿ ಹೇಳಿದರು. ನನಗೆ ಹಾಗೆ ಅನ್ನಿಸಲಿಲ್ಲ. ಬೀಗ ಹಾಕಿದ್ದು ನಿಜ. ಅದು ಎಲ್ಲರಿಗೂ ಗೊತ್ತಿತ್ತು. ಗೊತ್ತಿರುವುದನ್ನು ಬಿಟ್ಟು ಬರೆದರೆ ಓದುವವರು ಅದನ್ನೇ ಮೊದಲು ಎತ್ತುತ್ತಾರೆ. ಆದರೆ ನಿಮ್ಮ ತಪ್ಪೇ ಇಲ್ಲದ ಕಡೆ ಸುಮ್ನೆ ಕ್ಷಮೆ ಕೇಳಬೇಡಿ, ಅದು ನಾಟಕದ ಹಾಗೆ ಕಾಣುತ್ತದೆ.

ಅಂಟಿಸುವ ಮೊದಲು, ಅಂಟಿಸಿದ ಮೇಲೆ

ಇಬ್ಬರಿಗೆ ಓದಿಸಿ. ಒಬ್ಬರು ಆ ನಿಯಮ ಮುರಿಯುತ್ತಿರುವವರು, ಇನ್ನೊಬ್ಬರು ಅದರಿಂದ ತೊಂದರೆ ಪಡುತ್ತಿರುವವರು. ಓದಿದ ಮೇಲೆ "ಈಗ ನೀವು ಏನು ಮಾಡಬೇಕು?" ಎಂದು ಕೇಳಿ. ಸರಿಯಾಗಿ ಹೇಳಿದರೆ ನೋಟಿಸ್ ಸರಿ ಇದೆ. "ಏನೋ ಬಟ್ಟೆ ಬಗ್ಗೆ ಬರೆದಿದ್ದೀರಿ" ಎಂದರೆ ಇನ್ನೊಮ್ಮೆ ಕೂರಿ. ಮೂರನೇ ಮಹಡಿಯವರಿಗೆ ತೋರಿಸಿದಾಗ ಅವರು "ಹಳೇದನ್ನ ತೆಗೀತೀರಲ್ಲ?" ಎಂದು ಕೇಳಿದರು. ನಮಗೆ ಅದು ಹೊಳೆದೇ ಇರಲಿಲ್ಲ. ಹಳೆಯದರ ಪಕ್ಕದಲ್ಲಿ ಹೊಸದು ಇದ್ದರೆ ಜನ ಹಳೆಯದನ್ನೇ ಓದುತ್ತಾರೆ. ಮೊದಲು ಅದನ್ನು ಕಿತ್ತು ತೆಗೆಯಿರಿ.

ಒಂದು ನೋಟಿಸಿನಲ್ಲಿ ಒಂದೇ ವಿಷಯ ಇರಲಿ. ಬಟ್ಟೆಯ ಜೊತೆಗೆ ಪಾರ್ಕಿಂಗ್, ಚಪ್ಪಲಿ ಸ್ಟ್ಯಾಂಡ್, ಮೆಂಟೆನೆನ್ಸ್ ಬಾಕಿ ಎಲ್ಲ ಸೇರಿಸಿದರೆ ಒಟ್ಟಿನಲ್ಲಿ ಗದರಿದಂತೆಯೇ ಕೇಳುತ್ತದೆ. ವಾಟ್ಸಾಪ್ ಗುಂಪಿಗೆ ಹಾಕುವುದಾದರೆ ಬೆಳಿಗ್ಗೆ ಹಾಕಿ. ರಾತ್ರಿ ಹನ್ನೊಂದಕ್ಕೆ ಹಾಕಿದರೆ ಎಷ್ಟು ಮೆತ್ತಗೆ ಬರೆದರೂ ಸಿಟ್ಟಿನಲ್ಲಿ ಹಾಕಿದ್ದು ಎಂದೇ ಜನ ಓದುತ್ತಾರೆ.

ಬೆಂಕಿ, ಗ್ಯಾಸ್, ಕೆಟ್ಟ ಲಿಫ್ಟ್ ಇಂಥ ವಿಷಯಗಳಿಗೆ ಇದ್ಯಾವುದೂ ಬೇಡ. "ಲಿಫ್ಟ್ ಕೆಟ್ಟಿದೆ. ಹತ್ತಬೇಡಿ." ಅಷ್ಟೇ ಸಾಕು.

ಭಾನುವಾರ ಕಾರಿಡಾರ್ ಬಹುಪಾಲು ಖಾಲಿ ಆಗಿತ್ತು, ಎರಡು ಮನೆ ಬಿಟ್ಟು. ಆಗ ಮತ್ತೊಂದು ನೋಟಿಸ್ ಹಾಕುವ ಆಸೆ ಬರುತ್ತದೆ. ಹಾಕಬೇಡಿ. ಎರಡು ಮನೆಯ ವಿಷಯಕ್ಕೆ 24 ಮನೆಗೆ ಓದಿಸುವುದು ಮತ್ತೆ "ಕೆಲವರು" ಎಂದ ಹಾಗೇ. ಆ ಎರಡು ಬಾಗಿಲು ತಟ್ಟಿ. ಸೆಕ್ರೆಟರಿ ಒಬ್ಬರೇ ಹೋದರು. ಒಂದು ಮನೆಯಲ್ಲಿ ನೋಟಿಸೇ ನೋಡಿರಲಿಲ್ಲ, ಊರಿಗೆ ಹೋಗಿದ್ದರು. ಇನ್ನೊಂದು ಮನೆಯವರು "ನಮ್ಮ ಬಾಗಿಲ ಮುಂದೆ ನಾವು ಹಾಕ್ತೀವಿ" ಎಂದು ಮುಖ ತಿರುಗಿಸಿದರು. ಅಂಥವರಿಗೆ ಯಾವ ನೋಟಿಸೂ ನಾಟುವುದಿಲ್ಲ. ಅವರ ವಿಷಯವನ್ನು ಮುಂದಿನ ಸಭೆಗೆ ಇಟ್ಟುಕೊಂಡೆವು, ಬೈಲಾ ಪುಸ್ತಕದ ಜೊತೆಗೆ.

ಟೆರೇಸಿನಲ್ಲೂ ಒಂದು ತಕರಾರು ಶುರುವಾಯಿತು. ಒಣಗಿದ ಬಟ್ಟೆಯನ್ನು ಎರಡು ದಿನ ತೆಗೆಯದೇ ಬಿಡುತ್ತಿದ್ದರು, ಬೇರೆಯವರಿಗೆ ಹಗ್ಗ ಸಿಗುತ್ತಿರಲಿಲ್ಲ. ಅದಕ್ಕೆ ಬಾಗಿಲ ಹತ್ತಿರ ಒಂದು ಬುಟ್ಟಿ ಇಟ್ಟು, ಮೇಲೆ ಒಂದೇ ಸಾಲು ಬರೆದೆವು: "ಒಣಗಿದ ಬಟ್ಟೆ ಕಂಡರೆ ಮಡಚಿ ಇದರಲ್ಲಿಡಿ, ನಿಮ್ಮದನ್ನು ಹಾಕಿಕೊಳ್ಳಿ." ಆ ಸಾಲನ್ನು ತಿದ್ದಿಸಿದ್ದು ಎರಡನೇ ಮಹಡಿಯ ಅಜ್ಜಿ. ನಾವು "ತೆಗೆದು ಹಾಕಿ" ಎಂದು ಬರೆದಿದ್ದೆವು. "ಮಡಚಿ ಇಡಿ ಅಂತ ಬರೀರಿ" ಎಂದರು.